ಮೂವತ್ತಾರಲ್ಲ, ಹದಿನೈದು: ಟರ್ಮ್ ಸಿಂಬಲ್ ಹುಡುಕಲು ಕಲಿತ ನನ್ನ ಅನುಭವ

ಎಂ.ಎಸ್ಸಿ. ಮೊದಲ ಸೆಮಿಸ್ಟರ್‌ನಲ್ಲಿ ಇಂಗಾಲದ ಪರಮಾಣುವಿನ ತಳಸ್ಥಿತಿಯ ಟರ್ಮ್ ಸಿಂಬಲ್ ಬರೆಯಿರಿ ಎಂಬ ಪ್ರಶ್ನೆಗೆ ನಾನು ³D₁ ಎಂದು ಉತ್ತರಿಸಿದ್ದೆ. ಟರ್ಮ್ ಸಿಂಬಲ್‌ನ ಅಕ್ಷರ ಎಲೆಕ್ಟ್ರಾನ್‌ಗಳ ಒಟ್ಟು ಕಕ್ಷೀಯ ಕೋನೀಯ ಸಂವೇಗ L ಅನ್ನು ಹೇಳುತ್ತದೆ: 0, 1, 2, 3 ಕ್ಕೆ ಕ್ರಮವಾಗಿ S, P, D, F. ಎಡ ಮೇಲಿನ ಅಂಕಿ 2S+1, ಇಲ್ಲಿ S ಎಂದರೆ ಒಟ್ಟು ಸ್ಪಿನ್; ಬಲ ಕೆಳಗಿನ ಅಂಕಿ L ಮತ್ತು S ಸೇರಿ ಬರುವ J. ಆ ಉತ್ತರವನ್ನು ನಾನು ಊಹೆಯಿಂದ ಬರೆದಿರಲಿಲ್ಲ. ಇಂಗಾಲದ ಹೊರ ಉಪಕವಚದ ವಿನ್ಯಾಸ 2p²; ಎರಡೂ ಎಲೆಕ್ಟ್ರಾನ್‌ಗಳಿಗೆ l = 1 ಆದ್ದರಿಂದ ಅವುಗಳನ್ನು ಕೂಡಿಸಿದರೆ L ಬೆಲೆ 2, 1 ಅಥವಾ 0 ಆಗುತ್ತದೆ. ಎರಡು ಸ್ಪಿನ್‌ಗಳನ್ನು ಕೂಡಿಸಿದರೆ S ಬೆಲೆ 1 ಅಥವಾ 0. ಹೀಗೆ ಆರು ಟರ್ಮ್‌ಗಳು ದೊರೆತವು: ³D, ³P, ³S, ¹D, ¹P, ¹S. ಇವುಗಳ ಮೇಲೆ ಹುಂಡ್ ನಿಯಮಗಳನ್ನು ಕ್ರಮವಾಗಿ ಅನ್ವಯಿಸಿ, ಅತಿ ಹೆಚ್ಚಿನ S, ಅದರೊಳಗೆ ಅತಿ ಹೆಚ್ಚಿನ L, ಉಪಕವಚ ಅರ್ಧಕ್ಕಿಂತ ಕಡಿಮೆ ತುಂಬಿರುವುದರಿಂದ ಅತಿ ಕಡಿಮೆ J ಎಂದು ಆರಿಸಿದರೆ ³D₁ ಬರುತ್ತದೆ. ಮೂರು ನಿಯಮಗಳನ್ನೂ ಸರಿಯಾಗಿಯೇ ಬಳಸಿದ್ದೆ, ಆದರೂ ಉತ್ತರ ತಪ್ಪಾಗಿತ್ತು.

ಉತ್ತರಪತ್ರಿಕೆಯನ್ನು ಕೈಗಿಡುವಾಗ ನಮ್ಮ ಗುರುಗಳು ಒಂದೇ ಪ್ರಶ್ನೆ ಕೇಳಿದರು: "ನೀನು ಬರೆದಿರುವ ಆರು ಟರ್ಮ್‌ಗಳಲ್ಲಿ ಒಟ್ಟು ಎಷ್ಟು ಸ್ಥಿತಿಗಳಿವೆ, ಎಣಿಸಿದ್ದೀಯಾ?" ನಾನು ಎಣಿಸಿರಲಿಲ್ಲ. ಪ್ರತಿಯೊಂದು ಟರ್ಮ್‌ನಲ್ಲಿ (2S+1)(2L+1) ಸ್ಥಿತಿಗಳು ಅಡಗಿರುತ್ತವೆ. ಮೇಲಿನ ಆರಕ್ಕೂ ಲೆಕ್ಕ ಹಾಕಿದರೆ 15 + 9 + 3 + 5 + 3 + 1, ಅಂದರೆ 36. ಆದರೆ p ಉಪಕವಚದಲ್ಲಿ ಇರುವುದು ಆರು ಸ್ಥಾನ: mₗ = +1, 0, −1 ಎಂಬ ಮೂರು ಕಕ್ಷಕಗಳು, ಒಂದೊಂದರಲ್ಲಿ ಎರಡು ಸ್ಪಿನ್. ಆರು ಸ್ಥಾನಗಳಲ್ಲಿ ಪರಸ್ಪರ ಗುರುತು ಹಿಡಿಯಲಾಗದ ಎರಡು ಎಲೆಕ್ಟ್ರಾನ್‌ಗಳನ್ನು ಕೂರಿಸುವ ವಿಧಾನಗಳು 6 × 5 ÷ 2 = 15 ಮಾತ್ರ. ನನ್ನ ಪಟ್ಟಿಯಲ್ಲಿ 21 ಸ್ಥಿತಿಗಳು ಹೆಚ್ಚಾಗಿದ್ದವು, ಮತ್ತು ನಾನು ತಳಸ್ಥಿತಿ ಎಂದು ಆರಿಸಿದ್ದ ³D ಆ ವಿನ್ಯಾಸದಲ್ಲಿ ಇರಲೇ ಇಲ್ಲ. ³D ಇರಬೇಕಾದರೆ ಎರಡೂ ಎಲೆಕ್ಟ್ರಾನ್‌ಗಳು mₗ = +1 ಕಕ್ಷಕದಲ್ಲಿ, ಒಂದೇ ಸ್ಪಿನ್‌ನೊಂದಿಗೆ ಕೂರಬೇಕಾಗುತ್ತದೆ. ಪೌಲಿ ತತ್ತ್ವ ಅದಕ್ಕೆ ಅವಕಾಶ ಕೊಡುವುದಿಲ್ಲ.

ಆ ಆರು ಟರ್ಮ್‌ಗಳ ಪಟ್ಟಿ ಎಲ್ಲ ಕಡೆಯೂ ತಪ್ಪಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಒಂದು ಎಲೆಕ್ಟ್ರಾನ್ 2p ಯಲ್ಲಿ, ಇನ್ನೊಂದು 3p ಯಲ್ಲಿ ಇದ್ದರೆ ಸ್ಥಿತಿಗಳು 6 × 6 = 36 ಆಗುತ್ತವೆ, ಆರೂ ಟರ್ಮ್‌ಗಳು ಅಲ್ಲಿ ನಿಜವಾಗಿಯೂ ಇರುತ್ತವೆ. l ಗಳನ್ನೂ ಸ್ಪಿನ್‌ಗಳನ್ನೂ ನೇರವಾಗಿ ಕೂಡಿಸುವ ವಿಧಾನ ಕೆಡುವುದು ಎರಡೂ ಎಲೆಕ್ಟ್ರಾನ್‌ಗಳು ಒಂದೇ ಉಪಕವಚವನ್ನು ಹಂಚಿಕೊಂಡಾಗ. ಅಂದಿನಿಂದ ಯಾವ ವಿನ್ಯಾಸವನ್ನು ಕೈಗೆತ್ತಿಕೊಂಡರೂ ಮೊದಲು ಒಟ್ಟು ಸ್ಥಿತಿಗಳ ಸಂಖ್ಯೆಯನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಂಡೇ ಮುಂದುವರಿಯುತ್ತೇನೆ.

2p² ಗೆ ಆ ಸಂಖ್ಯೆ 15. ಮುಂದಿನ ಕೆಲಸ ಆ ಹದಿನೈದನ್ನೂ ಬರೆಯುವುದು. ಒಂದು ಎಲೆಕ್ಟ್ರಾನ್‌ನ mₗ ಬೆಲೆಯನ್ನು ಬರೆದು, ಪಕ್ಕದಲ್ಲಿ ಸ್ಪಿನ್ ಮೇಲಿದ್ದರೆ ↑, ಕೆಳಗಿದ್ದರೆ ↓ ಹಾಕುತ್ತೇನೆ. ಎರಡು mₗ ಗಳ ಮೊತ್ತ M_L, ↑ ಗೆ +1/2, ↓ ಗೆ −1/2 ಎಂದು ಕೂಡಿಸಿದ ಸ್ಪಿನ್ ಮೊತ್ತ M_S. (1↑, 0↑) ಎಂಬ ಜೋಡಿಗೆ M_L = 1, M_S = 1. (1↑, 1↓) ಎಂಬುದಕ್ಕೆ M_L = 2, M_S = 0. ಹೀಗೆ ಪ್ರತಿ ಜೋಡಿಯನ್ನೂ ಅದರದೇ ಮನೆಯಲ್ಲಿ ಇಟ್ಟು, ಒಂದೊಂದು ಮನೆಯಲ್ಲಿ ಎಷ್ಟು ಬಂದವು ಎಂದು ಎಣಿಸಿದರೆ ಈ ಕೋಷ್ಟಕ ಸಿಗುತ್ತದೆ:

```
M_L \ M_S   +1    0   -1
  +2         0    1    0
  +1         1    2    1
   0         1    3    1
  -1         1    2    1
  -2         0    1    0
```

ಈಗ ನಾನು ಪಾಠ ಮಾಡುವಾಗ ವಿದ್ಯಾರ್ಥಿಗಳ ಪುಸ್ತಕಗಳಲ್ಲಿ ಎರಡು ತಪ್ಪುಗಳನ್ನು ಮತ್ತೆ ಮತ್ತೆ ನೋಡುತ್ತೇನೆ, ಮತ್ತು ಒಟ್ಟು ಮೊತ್ತವನ್ನು ನೋಡಿದ ಕೂಡಲೇ ಯಾವ ತಪ್ಪು ಎಂದು ತಿಳಿಯುತ್ತದೆ. ಮೊತ್ತ 12 ಬಂದಿದ್ದರೆ (1↑, 0↓) ಮತ್ತು (1↓, 0↑) ಎರಡನ್ನೂ ಒಂದೇ ಎಂದು ಭಾವಿಸಿ ಒಂದನ್ನು ಬಿಟ್ಟಿದ್ದಾರೆ ಎಂದರ್ಥ. ಇವು ಬೇರೆ ಬೇರೆ ಸ್ಥಿತಿಗಳು, ಏಕೆಂದರೆ ಯಾವ ಕಕ್ಷಕದಲ್ಲಿ ಯಾವ ಸ್ಪಿನ್ ಇದೆ ಎಂಬುದು ಬದಲಾಗಿದೆ. ಮೊತ್ತ 18 ಬಂದಿದ್ದರೆ (0↑, 0↓) ಮತ್ತು (0↓, 0↑) ಎರಡನ್ನೂ ಬರೆದಿದ್ದಾರೆ. ಇಲ್ಲಿ ಬದಲಾದದ್ದು ಬರೆದ ಕ್ರಮ ಮಾತ್ರ, ಸ್ಥಿತಿ ಒಂದೇ.

ಕೋಷ್ಟಕ ಸರಿಯಾಗಿದ್ದರೆ ಉಳಿದದ್ದು ಕಳೆಯುವ ಲೆಕ್ಕ. ಅತಿ ಹೆಚ್ಚಿನ M_L ಇರುವ ಮನೆಯಿಂದ ಆರಂಭಿಸುತ್ತೇನೆ. M_L = 2 ಇರುವುದು M_S = 0 ಕಂಬಸಾಲಿನಲ್ಲಿ ಮಾತ್ರ, ಆದ್ದರಿಂದ L = 2, S = 0 ಆಗಿರುವ ¹D ಟರ್ಮ್ ಇದೆ. ಅದಕ್ಕೆ ಸೇರಿದ ಐದು ಸ್ಥಿತಿಗಳನ್ನು ನಡುವಿನ ಕಂಬಸಾಲಿನ ಪ್ರತಿ ಮನೆಯಿಂದ ಒಂದೊಂದರಂತೆ ತೆಗೆಯುತ್ತೇನೆ. ಉಳಿದವುಗಳಲ್ಲಿ ಅತಿ ಹೆಚ್ಚಿನ M_L ಈಗ 1, ಅದು M_S = 1 ರಲ್ಲಿಯೂ ಇದೆ; ಆದ್ದರಿಂದ ³P. ಅದರ ಒಂಬತ್ತು ಸ್ಥಿತಿಗಳು ಮೂರು ಕಂಬಸಾಲುಗಳ ನಡುವಿನ ಮೂರು ಸಾಲುಗಳಿಂದ ಒಂದೊಂದಾಗಿ ಹೋಗುತ್ತವೆ. ಕೊನೆಗೆ M_L = 0, M_S = 0 ಮನೆಯಲ್ಲಿ ಒಂದು ಉಳಿಯುತ್ತದೆ, ಅದು ¹S. 5 + 9 + 1 = 15. ಪೆನ್ಸಿಲ್ ಹಿಡಿದು ಒಂದೊಂದನ್ನೇ ಹೊಡೆಯುತ್ತ ಹೋದಾಗ ಕೊನೆಯ ಮನೆ ಖಾಲಿಯಾಗುವ ಆ ಕ್ಷಣ ನನಗೆ ಇಂದಿಗೂ ಸಂತೋಷ ಕೊಡುತ್ತದೆ.

ಹುಂಡ್ ನಿಯಮಗಳನ್ನು ಅನ್ವಯಿಸಬೇಕಾದದ್ದು ಹೀಗೆ ಉಳಿದುಕೊಂಡ ಟರ್ಮ್‌ಗಳ ಮೇಲೆ. S ಅತಿ ಹೆಚ್ಚಿರುವುದು ³P ಒಂದರಲ್ಲೇ, ಆದ್ದರಿಂದ ಎರಡನೆಯ ನಿಯಮಕ್ಕೆ ಇಲ್ಲಿ ಕೆಲಸವಿಲ್ಲ. L = 1, S = 1 ಸೇರಿ J = 2, 1, 0 ಆಗುತ್ತವೆ; ಉಪಕವಚ ಅರ್ಧಕ್ಕಿಂತ ಕಡಿಮೆ ತುಂಬಿರುವುದರಿಂದ ಕಡಿಮೆ J ಕೆಳಗಿರುತ್ತದೆ. ಇಂಗಾಲದ ತಳಸ್ಥಿತಿ ³P₀. ಅಳತೆ ಮಾಡಿದ ಮಟ್ಟಗಳೊಂದಿಗೆ ಇದನ್ನು ಹೋಲಿಸಿ ನೋಡಿದ ದಿನ ನನಗೆ ವಿಷಯ ನಿಜವಾಗಿ ಮನದಟ್ಟಾಯಿತು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ರೋಹಿತ ಮಾಹಿತಿಕೋಶದಲ್ಲಿ ಇಂಗಾಲದ ³P₀ ಸೊನ್ನೆಯಲ್ಲಿ, ³P₁ ಸುಮಾರು 16.4 cm⁻¹ ನಲ್ಲಿ, ³P₂ ಸುಮಾರು 43.4 cm⁻¹ ನಲ್ಲಿ ಇವೆ. ¹D₂ ಇರುವುದು 10,193 cm⁻¹ ನಲ್ಲಿ, ¹S₀ ಇನ್ನೂ ಮೇಲೆ 21,648 cm⁻¹ ನಲ್ಲಿ. ಟರ್ಮ್‌ಗಳ ನಡುವಿನ ಅಂತರ ಸಾವಿರಗಳಲ್ಲಿ, ಒಂದು ಟರ್ಮ್‌ನೊಳಗಿನ J ಮಟ್ಟಗಳ ಅಂತರ ಹತ್ತುಗಳಲ್ಲಿ. ಮೊದಲು ಎಲ್ಲ l ಗಳನ್ನು L ಆಗಿ, ಎಲ್ಲ s ಗಳನ್ನು S ಆಗಿ ಕೂಡಿಸಿ, ಆಮೇಲೆ ಅವೆರಡನ್ನೂ J ಆಗಿ ಕೂಡಿಸುವ ರಸೆಲ್–ಸಾಂಡರ್ಸ್ ಕ್ರಮಕ್ಕೆ ಆಧಾರ ಇದೇ: ಎಲೆಕ್ಟ್ರಾನ್‌ಗಳ ನಡುವಿನ ವಿಕರ್ಷಣೆ ದೊಡ್ಡದು, ಸ್ಪಿನ್ ಮತ್ತು ಕಕ್ಷೀಯ ಚಲನೆಯ ನಡುವಿನ ಕ್ರಿಯೆ ಅದರ ಮುಂದೆ ತೀರಾ ಚಿಕ್ಕದು.

ಆಕ್ಸಿಜನ್‌ಗೆ, ಅಂದರೆ 2p⁴ ಗೆ, ಹೊಸ ಕೋಷ್ಟಕ ಬೇಕಾಗುವುದಿಲ್ಲ. ಆರು ಸ್ಥಾನಗಳಲ್ಲಿ ನಾಲ್ಕು ತುಂಬಿವೆ ಎನ್ನುವ ಬದಲು ಎರಡು ಖಾಲಿ ಇವೆ ಎಂದುಕೊಂಡರೆ ಅದೇ 15 ಸ್ಥಿತಿಗಳು, ಅದೇ ³P, ¹D, ¹S. ಬದಲಾಗುವುದು J ಕ್ರಮ. ಉಪಕವಚ ಅರ್ಧಕ್ಕಿಂತ ಹೆಚ್ಚು ತುಂಬಿರುವುದರಿಂದ ತಳಸ್ಥಿತಿ ³P₂. ಅದರ ಮೇಲೆ 158.3 cm⁻¹ ನಲ್ಲಿ ³P₁, 227.0 cm⁻¹ ನಲ್ಲಿ ³P₀. ಧ್ರುವಪ್ರದೇಶಗಳ ಆಕಾಶದಲ್ಲಿ ಕಾಣುವ ಅರೋರಾದ ಹಸಿರು ಬೆಳಕು, 557.7 ನ್ಯಾನೋಮೀಟರ್‌ನದು, ಈ ಆಕ್ಸಿಜನ್‌ನ ¹S₀ ಇಂದ ¹D₂ ಗೆ ಇಳಿಯುವಾಗ ಹೊಮ್ಮುವುದು. ಆ ಬಣ್ಣದ ಚಿತ್ರ ಕಂಡಾಗಲೆಲ್ಲ ನನಗೆ ಕೋಷ್ಟಕದಲ್ಲಿ ಕೊನೆಗೆ ಉಳಿಯುವ ಆ ಒಂಟಿ ಸ್ಥಿತಿಯೇ ನೆನಪಾಗುತ್ತದೆ. ನಡುವೆ ಇರುವ ಸಾರಜನಕದಲ್ಲಿ ಉಪಕವಚ ಸರಿಯಾಗಿ ಅರ್ಧ ತುಂಬಿದೆ; ತಳಟರ್ಮ್ ⁴S ಆಗಿ L = 0 ಆಗುವುದರಿಂದ J = 3/2 ಒಂದೇ ಸಾಧ್ಯ, ಮೂರನೆಯ ನಿಯಮದ ಪ್ರಶ್ನೆ ಏಳುವುದಿಲ್ಲ.

ಪರೀಕ್ಷೆಯಲ್ಲಿ ಸಮಯ ಉಳಿಸಲು ಮೂರು ಚೌಕ ಬರೆದು +1, 0, −1 ಎಂದು ಗುರುತಿಸಿ, ಬಾಣಗಳನ್ನು ಎಡದಿಂದ ತುಂಬುತ್ತ ಬರುವ ಅಡ್ಡದಾರಿಯನ್ನು ಎಲ್ಲರೂ ಬಳಸುತ್ತಾರೆ, ನಾನೂ ಬಳಸುತ್ತೇನೆ. ಪೌಲಿ ತತ್ತ್ವ ಅದರೊಳಗೇ ಸೇರಿಕೊಂಡಿರುವುದರಿಂದ ನಾನು ಮಾಡಿದ ³D ತಪ್ಪು ಅಲ್ಲಿ ಆಗುವುದಿಲ್ಲ. ಆದರೆ ಅದು ಕೊಡುವುದು ತಳಟರ್ಮ್ ಒಂದನ್ನೇ. ಉಳಿದ ಟರ್ಮ್‌ಗಳ ಏರಿಕೆಯ ಕ್ರಮವನ್ನು ಹುಂಡ್ ನಿಯಮಗಳಿಂದ ಹೇಳಹೊರಟರೆ ಟೈಟಾನಿಯಂನಲ್ಲೇ ಎಡವುತ್ತೇವೆ. ಅದರ 3d² 4s² ವಿನ್ಯಾಸದಲ್ಲಿ ³F ತಳದಲ್ಲಿರುವುದು ನಿಯಮದಂತೆಯೇ ಸರಿ; ಆದರೆ ಅದರ ಮೇಲೆ ಬರುವುದು ನಾವು ನಿರೀಕ್ಷಿಸುವ ³P ಅಲ್ಲ, ¹D.

ಇಂಗಾಲದ ಲೆಕ್ಕ ಗಟ್ಟಿಯಾದ ಮೇಲೆ ಅದೇ ಗುಂಪಿನಲ್ಲಿ ಕೆಳಗಿಳಿಯುತ್ತ ಸಿಲಿಕಾನ್, ಜರ್ಮೇನಿಯಂ, ತವರ, ಸೀಸ ಎಲ್ಲದರ ಮಟ್ಟಗಳನ್ನೂ ಒಂದು ಹಾಳೆಯಲ್ಲಿ ಬರೆದು ನೋಡಿದೆ. ಎಲ್ಲಕ್ಕೂ p² ವಿನ್ಯಾಸವೇ. ರಸೆಲ್–ಸಾಂಡರ್ಸ್ ಕ್ರಮ ಪೂರ್ಣವಾಗಿ ಸರಿಯಿದ್ದರೆ ³P₁ ಇಂದ ³P₂ ವರೆಗಿನ ಅಂತರವು ³P₀ ಇಂದ ³P₁ ವರೆಗಿನ ಅಂತರದ ಎರಡರಷ್ಟು ಇರಬೇಕು. ಇದು ಲಾಂಡೆಯ ಅಂತರ ನಿಯಮ. ಸಿಲಿಕಾನ್‌ನಲ್ಲಿ ಈ ಅನುಪಾತ 1.89, ಎರಡಕ್ಕೆ ತೀರಾ ಹತ್ತಿರ. ಜರ್ಮೇನಿಯಂನಲ್ಲಿ 1.53, ತವರದಲ್ಲಿ 1.03. ಸೀಸದಲ್ಲಿ ಮೊದಲ ಅಂತರ 7,819 cm⁻¹, ಎರಡನೆಯದು ಸುಮಾರು 2,831 cm⁻¹, ಅನುಪಾತ 0.36 ಕ್ಕೆ ಕುಸಿದಿದೆ. ಇಂಗಾಲದಲ್ಲಿ 16 ಇದ್ದದ್ದು ಇಲ್ಲಿ 7,819 ಆಗಿದೆ ಎಂದರೆ ಸ್ಪಿನ್–ಕಕ್ಷೆ ಕ್ರಿಯೆಯನ್ನು ಇನ್ನು ಚಿಕ್ಕದೆಂದು ಬದಿಗಿಡಲಾಗದು.

ಸೀಸದಲ್ಲಿ ಮೊದಲು ಪ್ರತಿ ಎಲೆಕ್ಟ್ರಾನ್‌ನ l ಮತ್ತು s ಗಳನ್ನೇ ಸೇರಿಸಿ j ಮಾಡಿಕೊಂಡು, ಆಮೇಲೆ ಆ j ಗಳನ್ನು J ಆಗಿ ಕೂಡಿಸುವ j–j ಕ್ರಮವೇ ಹೆಚ್ಚು ಸರಿಯಾದ ದಾರಿ. p ಎಲೆಕ್ಟ್ರಾನ್‌ಗೆ j = 1/2 ಆದರೆ ಎರಡು ಸ್ಥಾನ, j = 3/2 ಆದರೆ ನಾಲ್ಕು ಸ್ಥಾನ, ಮತ್ತು 1/2 ಕೆಳಗಿರುತ್ತದೆ. ಎರಡೂ ಎಲೆಕ್ಟ್ರಾನ್‌ಗಳು 1/2 ರಲ್ಲಿದ್ದರೆ J = 0, ಒಂದೇ ಸ್ಥಿತಿ. ಒಂದು 1/2 ರಲ್ಲಿ, ಇನ್ನೊಂದು 3/2 ರಲ್ಲಿ ಇದ್ದರೆ J = 1 ಮತ್ತು 2, ಎಂಟು ಸ್ಥಿತಿ. ಎರಡೂ 3/2 ರಲ್ಲಿದ್ದರೆ J = 2 ಮತ್ತು 0, ಆರು ಸ್ಥಿತಿ. 1 + 8 + 6, ಮತ್ತೆ 15. ಅಳೆದ ಮಟ್ಟಗಳೂ ಇದೇ ಮೂರು ಗುಂಪುಗಳಾಗಿ ಕಾಣುತ್ತವೆ: ಸೊನ್ನೆಯಲ್ಲಿ ಒಂದು, 7,819 ಮತ್ತು 10,650 ರಲ್ಲಿ ಎರಡು, 21,458 ಮತ್ತು 29,467 ರಲ್ಲಿ ಎರಡು.

ಸೀಸದ ತಳಸ್ಥಿತಿಯನ್ನು ಕೋಷ್ಟಕಗಳಲ್ಲಿ ಇಂದಿಗೂ ³P₀ ಎಂದೇ ಬರೆಯುತ್ತಾರೆ, ಹುಂಡ್ ನಿಯಮವೂ ಅದನ್ನೇ ಹೇಳುತ್ತದೆ. ಅದರಲ್ಲಿ J = 0 ಎಂಬುದು ಪೂರ್ಣ ನಿಜ. ³P ಎಂಬ ಭಾಗ ಮಾತ್ರ ಅರ್ಧಂಬರ್ಧ ನಿಜ, ಏಕೆಂದರೆ ಒಂದೇ J ಇರುವ ³P₀ ಮತ್ತು ¹S₀ ಪರಸ್ಪರ ಬೆರೆಯುತ್ತವೆ. ಶುದ್ಧ j–j ಮಿತಿಯಲ್ಲಿ ಆ ತಳಸ್ಥಿತಿಯಲ್ಲಿ ³P₀ ಮೂರರಲ್ಲಿ ಎರಡು ಪಾಲು, ¹S₀ ಒಂದು ಪಾಲು ಇರುತ್ತದೆ. ನಿಜವಾದ ಸೀಸದ ಪರಮಾಣು ಆ ಮಿತಿಗೂ ಇಂಗಾಲದ ಶುದ್ಧ ³P₀ ಗೂ ನಡುವೆ ನಿಲ್ಲುತ್ತದೆ.