ಹಳೆ ಟಿಪ್ಪಣಿ ಕಾರ್ಡುಗಳನ್ನು ಶೀಟ್‌ಗೆ ಹಾಕುವವರಿಗೆ

ನಮ್ಮ ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಓದಿದ ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು ಬರೆದಿಟ್ಟವರು, ಅದೆಲ್ಲ ಶೂ ಡಬ್ಬಿಗಳಲ್ಲಿತ್ತು. ಈ ಬೇಸಿಗೆಯಲ್ಲಿ ಇಬ್ಬರೂ ಕೂತು ಅದನ್ನು ಒಂದೇ ಎಕ್ಸೆಲ್ ಪಟ್ಟಿ ಮಾಡಿದೆವು.

ಮೊದಲು ಪ್ರತಿ ಕಾರ್ಡಿನ ಮೂಲೆಯಲ್ಲಿ ಪೆನ್ಸಿಲ್‌ನಿಂದ ನಂಬರ್ ಹಾಕಿ, ಅದನ್ನೇ ಮೊದಲ ಕಾಲಂನಲ್ಲಿ ಬರೆಯಿರಿ. ಅನುಮಾನ ಬಂದಾಗ ಮೂಲ ಕಾರ್ಡು ತಕ್ಷಣ ಸಿಗುತ್ತದೆ.

ನಮಗೆ ಜಾಸ್ತಿ ತೊಂದರೆ ಕೊಟ್ಟಿದ್ದು ಪುಟಸಂಖ್ಯೆ. ಅಪ್ಪ 3-5 ಅಂತ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ತಾರೀಖು ಅಂದುಕೊಂಡು 03-May ಮಾಡಿಬಿಡುತ್ತಿತ್ತು. ನಂತರ ಫಾರ್ಮ್ಯಾಟ್ ಬದಲಿಸಿದರೆ 3-5 ವಾಪಸ್ ಬರಲ್ಲ, ಐದಂಕಿಯ ಯಾವುದೋ ಸಂಖ್ಯೆ ಬರುತ್ತದೆ. ಹಾಗಾಗಿ ಟೈಪ್ ಮಾಡುವ ಮೊದಲೇ ಆ ಕಾಲಂಗೆ Text ಆಯ್ಕೆ ಮಾಡಿ. ಇಸವಿಯನ್ನು 1972 ಅಂತಲೇ ಹಾಕಿ, ೧೯೭೨ ಅಂತ ಕೆಲವು ಕಡೆ ಬರೆದರೆ ವರ್ಷದ ಕ್ರಮದಲ್ಲಿ ಜೋಡಿಸುವಾಗ ಅವು ಬೇರೆಯಾಗಿ ನಿಲ್ಲುತ್ತವೆ.

ಕೊನೆಗೆ ಎರಡೆರಡು ಸಲ ಬಂದಿರೋದನ್ನು ಹುಡುಕಲು, ಲೇಖಕರು B ಕಾಲಂ, ಪುಸ್ತಕ C ಕಾಲಂನಲ್ಲಿದ್ದರೆ, ಒಂದು ಖಾಲಿ ಕಾಲಂನ ಎರಡನೇ ಸಾಲಿನಲ್ಲಿ ಇದನ್ನು ಹಾಕಿ ಕೊನೆಯ ಸಾಲಿನವರೆಗೂ ಎಳೆಯಿರಿ:

```
=COUNTIFS(B:B,B2,C:C,C2)
```

1ಕ್ಕಿಂತ ಹೆಚ್ಚು ಬಂದರೆ ಕಾರ್ಡು ತೆಗೆದು ನೋಡಿ. ಆದರೆ ಹೆಸರು ಬೇರೆ ಬೇರೆ ಥರ ಬರೆದಿದ್ದರೆ ಇದು ಹಿಡಿಯಲ್ಲ. ಅಪ್ಪ ಒಂದು ಕಡೆ ಡಿಎಲ್‌ಎನ್, ಇನ್ನೊಂದು ಕಡೆ ಡಿ.ಎಲ್. ನರಸಿಂಹಾಚಾರ್, ಮತ್ತೆ ಕೆಲವು ಕಡೆ ಸುಮ್ನೆ ನರಸಿಂಹಾಚಾರ್ ಅಂತ ಬರೆದಿದ್ದರು. ಆರ್. ನರಸಿಂಹಾಚಾರ್ ಬೇರೆಯವರೇ ಅಲ್ವಾ! ಅಂಥವನ್ನು ಒಟ್ಟಿಗೆ Replace ಮಾಡಬೇಡಿ. ನಾವು ಕಾರ್ಡು ಹಿಡಿದು, ಅಪ್ಪನನ್ನು ಕೇಳಿ ಒಂದೊಂದಾಗಿ ತಿದ್ದಿದೆವು.