ತುಟಿ ಜುಮ್ಮೆಂದರೆ ಹಾರ್ಟ್ ಅಟ್ಯಾಕ್ ಅಲ್ಲ ಅಂತ ಹೇಳಬಹುದಾ?

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಬರುವವರು ಒಮ್ಮೆಲೇ ಜಾಸ್ತಿಯಾದರು. ಜಿಲ್ಲೆಯಲ್ಲಿ ಹೃದಯಾಘಾತದಿಂದ ಚಿಕ್ಕ ವಯಸ್ಸಿನವರು ತೀರಿಕೊಂಡ ಸುದ್ದಿ ದಿನಾ ಟಿವಿಯಲ್ಲಿ ಬರುತ್ತಿತ್ತು. ಮೈಸೂರಿನ ಜಯದೇವ ಆಸ್ಪತ್ರೆಯಲ್ಲೂ ತಪಾಸಣೆಗೆ ಜನವೋ ಜನ. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಆಮೇಲೆ ಪರಿಶೀಲಿಸಿ, ಅಸಹಜ ಏರಿಕೆ ಏನೂ ಕಂಡಿಲ್ಲ ಅಂತ ಹೇಳಿತು. ಸರಿ, ಆದರೆ ರಾತ್ರಿ ಎಂಟು ಗಂಟೆಗೆ ಎದೆ ಬಿಗಿದವನಿಗೆ ಸಮಿತಿ ವರದಿಯಿಂದ ಏನಾಗಬೇಕು?

ನಾನು ಇಲ್ಲಿನ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಫಿಸಿಷಿಯನ್. ಆ ದಿನಗಳಲ್ಲಿ ನೋಡಿದ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಗುರುತು ಸಿಗದಂತೆ ಸ್ವಲ್ಪ ಬದಲಿಸಿದ್ದೇನೆ.

ಅರಕಲಗೂಡು ಕಡೆಯವನು, ಮೂವತ್ತಮೂರು ವರ್ಷ. ಗುತ್ತಿಗೆ ಜಮೀನಿನಲ್ಲಿ ಶುಂಠಿ ಹಾಕಿದ್ದ, ಬೆಲೆ ಬಿದ್ದಿತ್ತು. ಕೈಸಾಲ ಕೊಟ್ಟವರು ಫೋನ್ ಮಾಡಿ ಬಾಯಿಗೆ ಬಂದಂತೆ ಮಾತಾಡಿದ್ದರು. ಫೋನ್ ಇಟ್ಟು ಟಿವಿ ಮುಂದೆ ಕೂತಿದ್ದಾನೆ. ಎದೆ ಬಿಗಿಯಿತು, ಉಸಿರು ಸಾಲದು ಅನಿಸಿತು. ಹತ್ತು ನಿಮಿಷದಲ್ಲಿ ಸಾಯುತ್ತೇನೆ ಅನ್ನುವಷ್ಟು ಭಯ. ಭಾವಮೈದ ಕಾರಿನಲ್ಲಿ ಕರೆದುಕೊಂಡು ಬಂದ. "ಮೇಡಂ, ತುಟಿಯೆಲ್ಲಾ ಜುಮುಜುಮು ಅಂತೈತೆ, ಕೈ ಮಡ್ಚಕ್ಕೇ ಆಗ್ತಿಲ್ಲ" ಅಂದ. ಬಲಗೈ ನೋಡಿದೆ. ಮಣಿಕಟ್ಟು ಒಳಗೆ ಬಾಗಿತ್ತು. ಬೆರಳುಗಳು ನೆಟ್ಟಗೆ ಸೆಟೆದು ಒಂದಕ್ಕೊಂದು ಅಂಟಿಕೊಂಡಿದ್ದವು, ಹೆಬ್ಬೆರಳು ಅಂಗೈಯೊಳಗೆ ಸೇರಿಕೊಂಡಿತ್ತು.

ಈ ಕೈ ನೋಡಿದ ತಕ್ಷಣ ಯಾವ ಡಾಕ್ಟರಿಗಾದರೂ ಇದು ಪ್ಯಾನಿಕ್ ಅಟ್ಯಾಕ್ ಅನಿಸುತ್ತದೆ. ನನಗೂ ಅನಿಸಿತು. ಆದರೂ ಮೊದಲು ಮಾತಾಡಿಸಲಿಲ್ಲ, ಸಮಾಧಾನ ಹೇಳಲಿಲ್ಲ. ಇಸಿಜಿ ತೆಗೆಸಿದೆ. ಎದೆ ನೋವು ಅಂತ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ವಯಸ್ಸು, ಭಯ, ಮನೆಯ ಗಲಾಟೆ ಯಾವುದನ್ನು ನೋಡಿಯೂ ಅದನ್ನು ಮುಂದೆ ಹಾಕುವುದಿಲ್ಲ.

ಇಸಿಜಿಯಲ್ಲಿ ಬಡಿತ ನಿಮಿಷಕ್ಕೆ 124. ವೇಗ ಬಿಟ್ಟರೆ ಬೇರೆ ದೋಷವಿಲ್ಲ, ಪ್ರತಿ ಬಡಿತವೂ ಹುಟ್ಟಬೇಕಾದ ಜಾಗದಲ್ಲೇ ಹುಟ್ಟುತ್ತಿತ್ತು. ಇದನ್ನು ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಹೃದಯದ ವಿದ್ಯುತ್ ದಾರಿ ತಪ್ಪಿ ಬಡಿತ ಇದ್ದಕ್ಕಿದ್ದಂತೆ 180ಕ್ಕೆ ಹಾರುವ ತೊಂದರೆಯೊಂದಿದೆ. ಅವರಿಗೂ ಎದೆ ಬಿಗಿತ, ಭಯ ಎಲ್ಲಾ ಆಗುತ್ತದೆ. ವರ್ಷಗಟ್ಟಲೆ 'ಟೆನ್ಷನ್' ಅನ್ನಿಸಿಕೊಂಡು ಓಡಾಡಿದವರಿದ್ದಾರೆ. ಒಂದೇ ಕ್ಷಣದಲ್ಲಿ ಶುರುವಾಗಿ ಒಂದೇ ಕ್ಷಣದಲ್ಲಿ ನಿಲ್ಲುವುದು ಅದರ ಗುಣ. ಹೆದರಿಕೆಯ ಬಡಿತ ಹಾಗಲ್ಲ, ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ.

ಬಿಪಿ 150/90. ಸಕ್ಕರೆ 112. ಆಮ್ಲಜನಕ 100. ಆಮೇಲೆ ಹೊಟ್ಟೆ ಮೇಲೆ ಕೈಯಿಟ್ಟು, ಗಡಿಯಾರ ನೋಡುತ್ತಾ ಪೂರಾ ಒಂದು ನಿಮಿಷ ಉಸಿರು ಎಣಿಸಿದೆ. 34 ಬಂತು. ಆರಾಮವಾಗಿರುವವರಿಗೆ 12ರಿಂದ 20 ಇರುತ್ತದೆ. ಬೆರಳಿಗೆ ಸಿಕ್ಕಿಸುವ ಯಂತ್ರ 100 ತೋರಿಸುತ್ತಿದೆ, ಅವನಿಗೆ ಮಾತ್ರ ಉಸಿರೇ ಸಿಗುತ್ತಿಲ್ಲ! ಆಮ್ಲಜನಕ 92, 93 ಇದ್ದಿದ್ದರೆ ಪ್ಯಾನಿಕ್ ಅನ್ನುವ ಮಾತೇ ಎತ್ತುತ್ತಿರಲಿಲ್ಲ. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ, ನ್ಯುಮೋನಿಯಾ ಇದೆಯಾ ಅಂತ ಹುಡುಕುತ್ತಿದ್ದೆ.

ತುಟಿ ಜುಮ್ಮೆನ್ನುವುದು ಇಲ್ಲಿಂದಲೇ ಬರುತ್ತದೆ. ಹೆದರಿದಾಗ ಬೇಕಿದ್ದಕ್ಕಿಂತ ಜಾಸ್ತಿ ಉಸಿರಾಡುತ್ತೇವೆ. ಆಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿಬಿಡುತ್ತದೆ. ಅದು ಕಡಿಮೆಯಾದರೆ ರಕ್ತ ಸ್ವಲ್ಪ ಕ್ಷಾರದ ಕಡೆಗೆ ತಿರುಗುತ್ತದೆ. ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಹೋಗಿ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಿಡಿ ಕ್ಯಾಲ್ಸಿಯಂ ಕಡಿಮೆಯಾದರೆ ನರಗಳು ಸುಮ್ನೆ ಇರುವುದಿಲ್ಲ, ತಾವಾಗಿಯೇ ಮಿಡಿಯುತ್ತವೆ. ಅದು ಎದ್ದು ಕಾಣುವುದು ಬಾಯಿಯ ಸುತ್ತ ಮತ್ತು ಬೆರಳ ತುದಿಯಲ್ಲಿ. ಇನ್ನೂ ಹೆಚ್ಚಾದರೆ ಕೈ ಸೆಟೆಯುತ್ತದೆ. ಮೆದುಳಿನ ರಕ್ತನಾಳಗಳೂ ಕಿರಿದಾಗುವುದರಿಂದ ತಲೆ ತಿರುಗುತ್ತದೆ, ಎದುರಿಗಿರುವವರು ದೂರ ಹೋದ ಹಾಗೆ ಅನಿಸುತ್ತದೆ.

ಅಂದರೆ ತುಟಿಯ ಜುಮುಜುಮು ಹೇಳುವುದು ಉಸಿರಿನ ಸಮಾಚಾರ. ಈ ಮನುಷ್ಯ ಜೋರಾಗಿ ಉಸಿರಾಡುತ್ತಿದ್ದಾನೆ ಅಂತ ಅಷ್ಟೇ. ಹೃದಯ ಸರಿಯಾಗಿದೆ ಅಂತ ಅದು ಎಲ್ಲೂ ಹೇಳುವುದಿಲ್ಲ. ಇಂಟರ್ನೆಟ್ಟಿನಲ್ಲಿ ಓದಿದವರು ಇಲ್ಲೇ ಎಡವುತ್ತಾರೆ. ನಿಜವಾದ ಹಾರ್ಟ್ ಅಟ್ಯಾಕ್ ಆದವರಿಗೆ ಹೆದರಿಕೆ ಆಗುವುದಿಲ್ವಾ? ಅವರೂ ಏದುಸಿರು ಬಿಡುತ್ತಾರೆ, ಅವರ ತುಟಿಯೂ ಜುಮ್ಮೆನ್ನಬಹುದು.

ಅದೇ ಮಳೆಗಾಲದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಬಂದಿದ್ದರು. ಸಕ್ಕರೆ ಕಾಯಿಲೆ ಇತ್ತು. "ಬೆಳಗ್ಗೆ ಸೊಸೆ ಹತ್ರ ಜಗಳ ಆಡ್ಕೊಂಡವ್ರೆ, ಅದ್ಕೇ ಹಿಂಗೆ" ಅಂದ ಮಗ. ಏದುಸಿರು ಇತ್ತು, ತುಟಿ ಜೋಮು ಹಿಡಿದಿತ್ತು. ಎದೆ ನೋವು ಅಂತ ಅವರು ಹೇಳಲೇ ಇಲ್ಲ, ಗಂಟಲ ಹತ್ತಿರ ಏನೋ ಒತ್ತಿದ ಹಾಗೆ ಅಂದರು. ಆದರೆ ಹಣೆ ಮುಟ್ಟಿದರೆ ತಣ್ಣಗೆ, ಬೆವರಿನಿಂದ ಒದ್ದೆ. ಮೊದಲ ಇಸಿಜಿಯಲ್ಲಿ ಎದೆಯ ಮುಂಭಾಗದ ಅಲೆಗಳು ಸ್ವಲ್ಪ ಎತ್ತರ ಅನಿಸಿದವು, ಅಷ್ಟೇ. ಕಾಲು ಗಂಟೆ ಬಿಟ್ಟು ಮತ್ತೆ ತೆಗೆದಾಗ ಅನುಮಾನಕ್ಕೆ ಜಾಗವೇ ಇರಲಿಲ್ಲ, ಹೃದಯದ ಮುಂಭಾಗದ ರಕ್ತನಾಳ ಕಟ್ಟಿಕೊಂಡಿತ್ತು. ಆಸ್ಪಿರಿನ್ ಅಗಿಸಿ ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿದೆವು.

ಅದಕ್ಕೇ ಒಂದೇ ಇಸಿಜಿ ನೋಡಿ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಶುಂಠಿಯ ಹುಡುಗನಿಗೂ ಅರ್ಧ ಗಂಟೆ ಬಿಟ್ಟು ಇನ್ನೊಂದು ತೆಗೆದೆ. ಆಮೇಲೆ ಟ್ರೋಪೋನಿನ್. ಹೃದಯದ ಸ್ನಾಯುವಿಗೆ ಏಟು ಬಿದ್ದರೆ ರಕ್ತಕ್ಕೆ ಸೋರುವ ಪ್ರೋಟೀನ್ ಇದು. ಸೋರುವುದಕ್ಕೆ ಹೊತ್ತು ಬೇಕು. ನೋವು ಶುರುವಾಗಿ ಮುಕ್ಕಾಲು ಗಂಟೆಗೆ ಮಾಡಿಸಿ, ನೆಗೆಟಿವ್ ಬಂತು ಅಂತ ಖುಷಿಪಟ್ಟರೆ ಅರ್ಥವಿಲ್ಲ. ದೊಡ್ಡ ಆಸ್ಪತ್ರೆಗಳ ಸೂಕ್ಷ್ಮ ಪರೀಕ್ಷೆಯನ್ನೂ ಒಂದರಿಂದ ಮೂರು ಗಂಟೆ ಬಿಟ್ಟು ಎರಡನೇ ಸಲ ಮಾಡಿ ಹೋಲಿಸುತ್ತಾರೆ. ನಮ್ಮಲ್ಲಿರುವುದು ಕಾರ್ಡ್ ಟೆಸ್ಟ್, ಅದಕ್ಕೆ ನೋವು ಶುರುವಾದಾಗಿನಿಂದ ಆರು ಗಂಟೆ ಆಗಲಿ ಅಂತ ಕಾಯುತ್ತೇನೆ. ಹಾಗಾಗಿ ರಾತ್ರಿ ಅವನನ್ನು ಅಲ್ಲೇ ಮಲಗಿಸಿಕೊಂಡೆವು. ಎರಡೂವರೆ ಹೊತ್ತಿಗೆ ಮಾಡಿದ ಟೆಸ್ಟೂ ನೆಗೆಟಿವ್.

ಮೊದಲ ಇಸಿಜಿ ಕೈಗೆ ಬಂದ ಮೇಲೆ ಉಸಿರಿನ ಕೆಲಸ ಶುರು ಮಾಡಿದ್ದೆ. ಭಾವಮೈದ ಆಗಲೇ ಎಲ್ಲಿಂದಲೋ ಪೇಪರ್ ಕವರ್ ತಂದು ಮೂಗಿಗೆ ಹಿಡಿಯಲು ಹೊರಟಿದ್ದ. ಬೇಡ ಅಂದೆ. ಕವರ್ ಒಳಗೆ ಉಸಿರಾಡಿದರೆ ಆಮ್ಲಜನಕ ಇಳಿಯುತ್ತದೆ. ಅಕಸ್ಮಾತ್ ಅದು ಹೃದಯದ್ದೋ ಶ್ವಾಸಕೋಶದ್ದೋ ತೊಂದರೆಯಾಗಿದ್ದರೆ ಜೀವಕ್ಕೇ ಕುತ್ತು. ಸುಮ್ನೆ ಕೂರಿಸಿ, ಒಂದು ಕೈ ಹೊಟ್ಟೆ ಮೇಲೆ ಇಡಿಸಿದೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಬಾಯಿಂದ ಆರು ಎಣಿಸುವಷ್ಟು ಹೊರಗೆ. 'ದೀರ್ಘವಾಗಿ ಉಸಿರು ತಗೋ' ಅಂತ ಮನೆಯವರು ಪಕ್ಕದಲ್ಲಿ ಕೂಗುತ್ತಿರುತ್ತಾರೆ, ಅದರಿಂದ ಹೆಚ್ಚೇ ಆಗುತ್ತದೆ. ತಗೊಳ್ಳುವುದಲ್ಲ, ನಿಧಾನವಾಗಿ ಬಿಡುವುದು ಮುಖ್ಯ.

ಹತ್ತು ನಿಮಿಷದಲ್ಲಿ ಉಸಿರು 18ಕ್ಕೆ ಬಂತು. ಬೆರಳು ಬಿಚ್ಚಿಕೊಂಡವು, ತುಟಿ ಸರಿಹೋಯಿತು. ಎದೆಯ ಬಿಗಿತ ಮಾತ್ರ ಉಳಿಯಿತು. "ಮತ್ತೆ ಇದ್ಯಾಕೆ ಹೋಗ್ತಿಲ್ಲ?" ಅಂತ ಅವನ ಅನುಮಾನ. ಅಷ್ಟು ಹೊತ್ತು ಪಕ್ಕೆಲುಬಿನ ನಡುವಿನ ಸ್ನಾಯುಗಳು ಎಳೆದಾಡಿವೆ. ದಿನವಿಡೀ ಶುಂಠಿ ಕಿತ್ತ ಮಾರನೇ ದಿನ ಸೊಂಟ ಹಿಡಿಯುವ ಹಾಗೆ ಅವೂ ಹಿಡಿದುಕೊಂಡಿರುತ್ತವೆ ಅಂದೆ. ಅದು ಅವನಿಗೆ ತಕ್ಷಣ ಅರ್ಥವಾಯಿತು.

ಮನೆಯಲ್ಲೇ ನಿರ್ಧಾರ ಮಾಡುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಮೊದಲನೇ ಸಲವಾದರೆ ನಿರ್ಧಾರ ಮಾಡಲೇಬೇಡಿ, ಹೊರಡಿ. ಮೆಟ್ಟಿಲು ಹತ್ತುವಾಗ, ಹೊಲದಲ್ಲಿ ನಡೆಯುವಾಗ ಶುರುವಾಗಿ ನಿಂತರೆ ಕಡಿಮೆಯಾಗುವ ಬಿಗಿತ ಹೃದಯದ್ದು ಅಂತಲೇ ತಿಳಿಯಿರಿ. ದವಡೆಗೆ, ತೋಳಿಗೆ, ಬೆನ್ನಿಗೆ ಹರಿದರೆ, ತಣ್ಣನೆ ಬೆವರು ಬಂದರೆ, ಕಣ್ಣು ಕತ್ತಲಿಟ್ಟರೆ, ಹದಿನೈದು ನಿಮಿಷವಾದರೂ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. ಬೈಕ್ ಓಡಿಸಿಕೊಂಡು ಬರಬೇಡಿ. ಜಿಲ್ಲಾ ಆಸ್ಪತ್ರೆಯಲ್ಲೂ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೂ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಎರಡೂ ಉಚಿತ. ಹತ್ತಿರದ್ದು ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಮೋಸ ಮಾಡುವ ಒಂದೆರಡು ಸಮಾಧಾನಗಳಿವೆ. ಸೋಡಾ ಕುಡಿದೆ, ತೇಗು ಬಂತು, ಕಡಿಮೆಯಾಯಿತು, ಅಂದಮೇಲೆ ಗ್ಯಾಸ್ಟ್ರಿಕ್ಕೇ ಅನ್ನುವುದು ಒಂದು. ಹೃದಯದ ನೋವೂ ಏರಿಳಿಯುತ್ತದೆ, ಸೋಡಾಕ್ಕೆ ಹೆಸರು ಬರುತ್ತದೆ. ಪಕ್ಕದ ಮನೆಯವರು ಹೃದಯಕ್ಕೆಂದು ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ತಂದು ಇಟ್ಟು ನೋಡುವುದು ಇನ್ನೊಂದು. ಅದರಿಂದ ನೋವು ಕಡಿಮೆಯಾಗಲಿ ಬಿಡಲಿ ಏನೂ ಗೊತ್ತಾಗುವುದಿಲ್ಲ, ಬಿಪಿ ಬಿದ್ದು ತಲೆ ತಿರುಗಿ ಬೀಳುವ ಅಪಾಯ ಮಾತ್ರ ಇದ್ದೇ ಇದೆ.

ಹುಡುಗನಿಗೆ ಬೆಳಗ್ಗೆ 'ನಿಂಗೇನೂ ಆಗಿಲ್ಲ' ಅನ್ನಲಿಲ್ಲ. ಹಾಗಂದು ಕಳಿಸಿದವರು ವಾರದಲ್ಲಿ ಇನ್ನೊಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿರುತ್ತಾರೆ. ಆಗಿದ್ದು ಪ್ಯಾನಿಕ್ ಅಟ್ಯಾಕ್, ಇದಕ್ಕೆ ಚಿಕಿತ್ಸೆ ಇದೆ ಅಂತ ಬಿಡಿಸಿ ಹೇಳಿದೆ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿದೆ, ಎರಡರಲ್ಲಿ ಯಾವುದು ಏರುಪೇರಾದರೂ ಎದೆ ಹೊಡೆದುಕೊಳ್ಳಬಹುದು. ಅವೂ ಸರಿಯಿದ್ದವು. ದಿನಕ್ಕೆ ಆರು ಲೋಟ ಕಾಫಿ ಕುಡಿಯುತ್ತಿದ್ದ, ಎರಡಕ್ಕೆ ಇಳಿಸು ಅಂದೆ. ನಿದ್ದೆ ಮಾತ್ರೆಯಂಥ ಆಲ್‌ಪ್ರಜೋಲಂ ಕೇಳಿದ, ಯಾರೋ ಹೇಳಿಕೊಟ್ಟಿದ್ದರು. ಅದರ ಚಟ ಬೇಗ ಹಿಡಿಯುತ್ತದೆ, ಬಿಡುವುದು ಕಷ್ಟ. ಬದಲಿಗೆ ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಶುರು ಮಾಡಿದ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ಜೊತೆಗೆ ಆಪ್ತಸಮಾಲೋಚನೆ. ಸಾಲದ ಯೋಚನೆಯಲ್ಲಿ ರಾತ್ರಿ ನಿದ್ದೆ ಬರದಿದ್ದರೆ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಉಚಿತ.

ಮತ್ತೆ ಹೀಗಾದರೆ ಏನು ಮಾಡಲಿ ಅಂತ ಕೇಳಿದ. ಹಿಂದಿನ ಸಲದ ಹಾಗೇ ಇದ್ದರೆ, ಅಂದರೆ ಕೂತಿದ್ದಾಗ ಶುರುವಾಗಿ, ತುಟಿ ಜುಮ್ಮೆಂದು, ನಾಲ್ಕು–ಆರು ಉಸಿರಿಗೆ ಇಳಿಯುತ್ತಾ ಹೋದರೆ ಮನೆಯಲ್ಲೇ ಇರು. ಸ್ವಲ್ಪ ಬೇರೆ ಥರ ಅನಿಸಿದರೂ ಬಾ. ಇನ್ನೂ ಒಂದು ಕೆಲಸ ಮಾಡಿಸಿದೆ. ಅವನ ಇಸಿಜಿಯನ್ನು ಬಿಡಿಸಿಟ್ಟು, ನೆರಳು ಬೀಳದ ಹಾಗೆ ಫೋಟೋ ತೆಗೆದು ಅವನ ಮೊಬೈಲಿನಲ್ಲೂ ಭಾವಮೈದನ ಮೊಬೈಲಿನಲ್ಲೂ ಇಟ್ಟೆವು. ಇಸಿಜಿ ಕಾಗದ ಬಿಸಿಲಿಗೆ, ಶಾಖಕ್ಕೆ ಮಾಸಿಹೋಗುತ್ತದೆ. ಮುಂದೆ ಯಾವ ಊರಿನ ಆಸ್ಪತ್ರೆಗೆ ಹೋದರೂ, ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿದರೆ ಈಗ ಏನು ಬದಲಾಗಿದೆ ಅಂತ ಅಲ್ಲಿನ ಡಾಕ್ಟರಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.