14 ಅಂತ ಕೊಟ್ಟ ಸಾಲ 18ರ ಹತ್ತಿರ ಹೋದದ್ದು ಹೇಗೆ?

ಅಕ್ಕನ ಮಗ ವಿಜಯನಗರದಲ್ಲಿ ಬಾಡಿಗೆ ಮನೆ ಹಿಡಿದ. ಬಾಡಿಗೆ 30,000 ರೂಪಾಯಿ, ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ 3 ಲಕ್ಷ. ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಇದೇನೂ ಹೊಸದಲ್ಲ ಬಿಡಿ. ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ, ಪರ್ಸನಲ್ ಲೋನ್ ತೆಗೆದ. ಬಡ್ಡಿ ವರ್ಷಕ್ಕೆ ಶೇ 14, ಮೂರು ವರ್ಷ, 36 ಕಂತು. ಮನೆ ಕೀ ಇಸ್ಕೊಳ್ಳುವ ದಿನ ಬೆಳಿಗ್ಗೆಯೇ ಫೋನ್ ಬಂತು.

"ಮಾವ, ಮೂರು ಲಕ್ಷ ಸ್ಯಾಂಕ್ಷನ್ ಆಗಿದೆ ಅಂದ್ರು. ಅಕೌಂಟಿಗೆ ಬಂದಿರೋದು ಎರಡು ಲಕ್ಷದ ಎಂಬತ್ನಾಲ್ಕು ಸಾವಿರ. ಓನರಿಗೆ ಏನು ಹೇಳ್ಲಿ?"

ಕಡಿಮೆ ಬಿದ್ದ 16,000 ನಾನು ಕೊಟ್ಟೆ. ಸಂಜೆ ಕಾಫಿಗೆ ಬಂದಾಗ ಸಾಲದ ಕಾಗದಗಳನ್ನೆಲ್ಲ ಊಟದ ಟೇಬಲ್ ಮೇಲೆ ಹರಡಿಕೊಂಡು ಕೂತೆವು. ಆ ಸಂಜೆ ಮಾಡಿದ ಲೆಕ್ಕವೇ ಇದು. ಯಾವ ಇಎಂಐ ಸಾಲಕ್ಕಾದರೂ ನೀವು ಹೀಗೆಯೇ ಮಾಡಬಹುದು. ಬೇಕಾಗುವುದು ಮೂರೇ ಅಂಕಿ, ಜೊತೆಗೆ ಫೋನಿನಲ್ಲಿ ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್.

ಮೊದಲು: ಕೈಗೆ ಬಂದದ್ದು ಎಷ್ಟು?

ಸ್ಯಾಂಕ್ಷನ್ ಪತ್ರದಲ್ಲಿ 3,00,000 ಎಂದಿತ್ತು. ಪ್ರೊಸೆಸಿಂಗ್ ಫೀ ಶೇ 2, ಅಂದರೆ 6,000. ಅದರ ಮೇಲೆ ಶೇ 18 ಜಿಎಸ್‌ಟಿ, 1,080. ಒಟ್ಟು 7,080. ಆಮೇಲೆ ಇನ್ಶೂರೆನ್ಸ್ 8,920. ಸಾಲಗಾರ ತೀರಿಕೊಂಡರೆ ಉಳಿದ ಸಾಲವನ್ನು ಇನ್ಶೂರೆನ್ಸ್ ಕಂಪನಿ ಕಟ್ಟುವ ಪಾಲಿಸಿ ಅದು. ಎರಡೂ ಸೇರಿ 16,000. ಕೈಗೆ ಬಂದದ್ದು 2,84,000.

ನಮ್ಮ ಲೆಕ್ಕಕ್ಕೆ ಬೇಕಾದ ಮೊದಲ ಅಂಕಿ ಈ 2,84,000. ಬ್ಯಾಂಕಿನ ಎಸ್‌ಎಂಎಸ್ ಅಥವಾ ಪಾಸ್‌ಬುಕ್‌ನಿಂದಲೇ ಇದನ್ನು ತೆಗೆದುಕೊಳ್ಳಿ. ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಕೆಲವರಿಗೆ ಪೂರ್ತಿ ಸಾಲ ಅಕೌಂಟಿಗೆ ಬರುತ್ತದೆ, ಇನ್ಶೂರೆನ್ಸ್ ದುಡ್ಡನ್ನು ಅದೇ ದಿನ ಬೇರೆಯಾಗಿ ಯುಪಿಐನಲ್ಲೋ ಚೆಕ್‌ನಲ್ಲೋ ಕಟ್ಟಿಸಿಕೊಳ್ಳುತ್ತಾರೆ. ಆಗ ಎಸ್‌ಎಂಎಸ್‌ನ ಅಂಕಿಯಿಂದ ಅದನ್ನು ನೀವೇ ಕಳೆಯಬೇಕು. ಎಡಗೈಯಿಂದ ಕೊಟ್ಟರೂ ಬಲಗೈಯಿಂದ ಕೊಟ್ಟರೂ ಹೋದದ್ದು ನಿಮ್ಮ ದುಡ್ಡೇ ಅಲ್ವಾ?

ಎರಡನೆಯದು ಇಎಂಐ. ಇವನದು 10,253 ರೂಪಾಯಿ. ಮೂರನೆಯದು ಕಂತುಗಳ ಸಂಖ್ಯೆ, 36. ಇಎಂಐ ಲೆಕ್ಕ ಹಾಕಿರುವುದು ಪೂರ್ತಿ 3 ಲಕ್ಷದ ಮೇಲೆ. ಕೈಗೇ ಬರದ 16,000ಕ್ಕೂ ಇವನು ಮೂರು ವರ್ಷ ಬಡ್ಡಿ ಕಟ್ಟುತ್ತಾನೆ. ದರ ಏರುವುದಕ್ಕೆ ಇದು ಒಂದು ಕಾರಣ. ಇನ್ನೊಂದನ್ನು ಆಮೇಲೆ ನೋಡೋಣ.

ಈಗ ಒಂದೇ ಸಾಲಿನ ಸೂತ್ರ

ಶೀಟಿನ ಯಾವುದಾದರೂ ಖಾಲಿ ಮನೆಯಲ್ಲಿ ಹೀಗೆ ಟೈಪ್ ಮಾಡಿ:

```
=RATE(36,-10253,284000)*12
```

ಬ್ರಾಕೆಟ್ ಒಳಗೆ ಮೊದಲು ಕಂತುಗಳ ಸಂಖ್ಯೆ, ಆಮೇಲೆ ಇಎಂಐ, ಕೊನೆಗೆ ಕೈಗೆ ಬಂದ ಮೊತ್ತ. ಇಎಂಐ ನಿಮ್ಮಿಂದ ಹೊರಗೆ ಹೋಗುವ ದುಡ್ಡು, ಅದಕ್ಕೇ ಮೈನಸ್ ಗುರುತು. ಅದನ್ನು ಮರೆತರೆ ಉತ್ತರದ ಬದಲು #NUM! ಎಂದು ತೋರಿಸುತ್ತದೆ. ಸೂತ್ರ ಕೊಡುವುದು ತಿಂಗಳ ದರ, ಆದ್ದರಿಂದ 12ರಿಂದ ಗುಣಿಸಿದ್ದೇವೆ.

ಉತ್ತರ 0.179 ಎಂದು ಬಂತು, ಅಂದರೆ ಶೇ 17.9. ನಿಮ್ಮ ಶೀಟು ಬರೀ 18% ಎಂದು ತೋರಿಸಿದರೆ ದಶಮಾಂಶ ಹೆಚ್ಚಿಸಿ ನೋಡಿ.

ಹುಡುಗ ನಂಬಲಿಲ್ಲ. "16,000 ಅಂದ್ರೆ 3 ಲಕ್ಷಕ್ಕೆ ಐದೂ ಕಾಲು ಪರ್ಸೆಂಟ್ ಚಿಲ್ಲರೆ. ಮೂರು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ ಎರಡೂ ಬರಲ್ಲ. 14ಕ್ಕೆ ಅದನ್ನ ಸೇರಿಸಿದ್ರೆ 16ರೊಳಗೆ ಇರ್ಬೇಕು, 18 ಹೇಗಾಯ್ತು?"

ಈ ತಪ್ಪನ್ನು ಎಲ್ಲರೂ ಮಾಡುತ್ತಾರೆ. ಇವನ ಕೈಯಲ್ಲಿ ಮೂರು ವರ್ಷವೂ 3 ಲಕ್ಷ ಇರುವುದಿಲ್ಲ. ತಿಂಗಳು ತಿಂಗಳು ಅಸಲು ಕರಗುತ್ತಾ ಹೋಗುತ್ತದೆ. 36 ತಿಂಗಳ ಸರಾಸರಿ ತೆಗೆದರೆ ಬಾಕಿ ಇರುವ ಸಾಲ ಸುಮಾರು 1,65,000 ಮಾತ್ರ. ವರ್ಷಕ್ಕೆ ಬೀಳುವ 5,333 ರೂಪಾಯಿಯನ್ನು ಈ 1,65,000ಕ್ಕೆ ಹೋಲಿಸಬೇಕು. ಆಗ ಅದೊಂದೇ ಶೇ 3.2 ಆಗುತ್ತದೆ. ಮೊದಲ ದಿನವೇ ಕಡಿದುಕೊಂಡ ದುಡ್ಡಿನ ಮೇಲಿನ ಬಡ್ಡಿಯೂ ಸೇರಿ 3.9ಕ್ಕೆ ಬಂದು ನಿಲ್ಲುತ್ತದೆ. 14 ಮತ್ತು 3.9, ಅಲ್ಲಿಗೆ 17.9.

ಕೆಎಫ್‌ಎಸ್ ತೆಗೆದು ತಾಳೆ ನೋಡಿ

2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ರಿಟೇಲ್ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಚಿಕ್ಕದಾಗಿ ಕೆಎಫ್‌ಎಸ್. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದೂ ಅದರಲ್ಲಿದೆ. ಹಾಗಾಗಿ ಕನ್ನಡದಲ್ಲಿ ಕೊಡಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಅದರೊಳಗೆ ಎಪಿಆರ್ ಎಂಬ ಸಾಲು ಇರುತ್ತದೆ. ಎಲ್ಲ ಖರ್ಚು ಸೇರಿದ ವಾರ್ಷಿಕ ದರ ಅದು. ಬೇರೆ ಕಂಪನಿಗೆ ಹೋಗುವ ಇನ್ಶೂರೆನ್ಸ್ ದುಡ್ಡನ್ನು ಬ್ಯಾಂಕೇ ವಸೂಲು ಮಾಡಿದರೆ ಅದೂ ಎಪಿಆರ್ ಒಳಗೆ ಬರಬೇಕು.

ಇವನ ಕೆಎಫ್‌ಎಸ್ ಇಮೇಲ್‌ನಲ್ಲಿ ಬಂದಿತ್ತು. ಲೋನ್ ಆ್ಯಪ್‌ನಲ್ಲಿ 'ಓಕೆ' ಒತ್ತುತ್ತಾ ಹೋಗುವಾಗ ತೆರೆದೇ ನೋಡಿರಲಿಲ್ಲ. ಎಪಿಆರ್ ಸಾಲಿನಲ್ಲಿ 15.69 ಎಂದಿತ್ತು. ನಮ್ಮ ಲೆಕ್ಕ 17.9. ಇಬ್ಬರಲ್ಲಿ ಯಾರೋ ಒಬ್ಬರು ತಪ್ಪಿರಬೇಕು.

ಇಲ್ಲಿ ಒಂದು ಪತ್ತೇದಾರಿ ಕೆಲಸ ಮಾಡಬಹುದು. ಒಂದೊಂದೇ ಖರ್ಚನ್ನು ಬಿಟ್ಟು ಸೂತ್ರ ಹಾಕುತ್ತಾ ಹೋಗಿ. ಪ್ರೊಸೆಸಿಂಗ್ ಫೀ ಮಾತ್ರ ಕಳೆದರೆ ಕೈಗೆ ಬರುವುದು 2,92,920. ಸೂತ್ರದ ಕೊನೆಯಲ್ಲಿ ಆ ಅಂಕಿ ಹಾಕಿದೆವು. ಉತ್ತರ ಶೇ 15.7! ಕಳ್ಳ ಸಿಕ್ಕಿಬಿದ್ದ. ಕೆಎಫ್‌ಎಸ್‌ನಲ್ಲಿ ಇನ್ಶೂರೆನ್ಸ್ ಸೇರಿಸಿಯೇ ಇಲ್ಲ. 8,920 ರೂಪಾಯಿಯ ಆ ಒಂದು ಪಾಲಿಸಿ ಒಬ್ಬಂಟಿಯಾಗಿ ದರವನ್ನು 2.2ರಷ್ಟು ಮೇಲೆತ್ತಿತ್ತು.

ನಿಮ್ಮ ಉತ್ತರ ಕೆಎಫ್‌ಎಸ್ ಜೊತೆ 0.05ರಷ್ಟು ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಉತ್ತರವನ್ನು ಒಂದೇ ದಶಮಾಂಶಕ್ಕೆ ನಿಲ್ಲಿಸಿದರೆ ಅಷ್ಟಾಗುತ್ತದೆ. ಅರ್ಧ ಪರ್ಸೆಂಟ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಯಾವುದೋ ಖರ್ಚು ಹೊರಗೆ ಉಳಿದಿದೆ ಎಂದೇ ಹಿಡಿಯಿರಿ. ಕೆಎಫ್‌ಎಸ್‌ನಲ್ಲಿ ಇಲ್ಲದ ಚಾರ್ಜನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ ಎಂದೂ ಆ ನಿಯಮದಲ್ಲಿದೆ. ಬರಹದಲ್ಲಿ ಕೇಳುವಾಗ ಈ ಮಾತು ಉಪಯೋಗಕ್ಕೆ ಬರುತ್ತದೆ. ಕಂತು ತಡವಾದರೆ ಬೀಳುವ ದಂಡ, ಚೆಕ್ ಬೌನ್ಸ್ ಚಾರ್ಜ್ ಇಂಥವು ಮಾತ್ರ ಎಪಿಆರ್ ಒಳಗೆ ಬರುವುದಿಲ್ಲ.

ಹೋಲಿಸುವಾಗ

ಸಾಲ ತೆಗೆಯುವ ಮೊದಲು ಇವನಿಗೆ ಇನ್ನೊಂದು ಕಡೆ ಶೇ 15ಕ್ಕೆ ಸಾಲ ಸಿಗುತ್ತಿತ್ತು. 14 ಎಲ್ಲಿ, 15 ಎಲ್ಲಿ ಎಂದು ಬಿಟ್ಟುಬಿಟ್ಟಿದ್ದ. ಅಲ್ಲಿ ಫೀ 999, ಜಿಎಸ್‌ಟಿ ಸೇರಿ 1,179. ಇನ್ಶೂರೆನ್ಸ್ ಬಲವಂತ ಇರಲಿಲ್ಲ. ಕೈಗೆ 2,98,821 ಬರುತ್ತಿತ್ತು, ಇಎಂಐ 10,400. ಸೂತ್ರಕ್ಕೆ ಹಾಕಿದರೆ ಶೇ 15.3. ತಿಂಗಳಿಗೆ 147 ರೂಪಾಯಿ ಜಾಸ್ತಿ ಕಟ್ಟಬೇಕಿತ್ತು ನಿಜ, ಆದರೆ ಮೊದಲ ದಿನವೇ ಕೈಯಲ್ಲಿ ಸುಮಾರು 14,800 ಹೆಚ್ಚು ಇರುತ್ತಿತ್ತು. 147ನ್ನು 36ರಿಂದ ಗುಣಿಸಿದರೂ 5,292 ಅಷ್ಟೇ.

ಇನ್ಶೂರೆನ್ಸ್ ಪೂರ್ತಿ ದಂಡ ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಇವನ ಸಂಬಳವನ್ನೇ ನಂಬಿದವರಿದ್ದರೆ ಅದಕ್ಕೆ ಬೆಲೆ ಇದೆ. ಆದರೆ ಬೆಲೆ ಕೇಳದೆ ಕೊಳ್ಳಬಾರದು. ಇವನಿಗೆ ಆಗಲೇ ಒಂದು ಟರ್ಮ್ ಪಾಲಿಸಿ ಇತ್ತು, ಆದ್ದರಿಂದ ಇದು ಬೇಕಿರಲಿಲ್ಲ. 'ಇನ್ಶೂರೆನ್ಸ್ ಇಲ್ಲದೆ ಎಪಿಆರ್ ಎಷ್ಟು, ಸೇರಿಸಿದರೆ ಎಷ್ಟು' ಎಂದು ಎರಡು ಕೆಎಫ್‌ಎಸ್ ಕೇಳಬೇಕಿತ್ತು. ಕೆಎಫ್‌ಎಸ್ ಕೈಗೆ ಬಂದ ಮೇಲೆ ಕನಿಷ್ಠ ಮೂರು ಕೆಲಸದ ದಿನ ಆ ಷರತ್ತುಗಳು ಊರ್ಜಿತವಾಗಿರಬೇಕು. 'ಇವತ್ತೇ ಸೈನ್ ಮಾಡಿ ಸಾರ್, ನಾಳೆ ರೇಟ್ ಇರಲ್ಲ' ಎಂದು ಅವಸರ ಮಾಡಿದರೆ ಇದನ್ನು ನೆನಪಿಸಿ.

ಇನ್ನೊಂದು ವರಸೆಯೂ ಇದೆ. "ನಿಮ್ಮ ಕೈಯಿಂದ ಏನೂ ಕೊಡ್ಬೇಡಿ, ಪ್ರೀಮಿಯಂನ ಸಾಲಕ್ಕೇ ಸೇರಿಸ್ತೀವಿ" ಎನ್ನುತ್ತಾರೆ. ಆಗ ಸಾಲ 3,08,920 ಆಗುತ್ತದೆ, ಇಎಂಐ 10,558. ತಿಂಗಳಿಗೆ 305 ಜಾಸ್ತಿ. 36 ತಿಂಗಳಿಗೆ 10,980. ಅಂದರೆ 8,920ರ ಪಾಲಿಸಿಗೆ 10,980 ಕೊಟ್ಟಂತಾಯಿತು. ತಮಾಷೆ ಎಂದರೆ ಎಪಿಆರ್ ಮಾತ್ರ ಹೆಚ್ಚುಕಡಿಮೆ ಅಷ್ಟೇ, ಶೇ 17.8. ಹಾಗಾಗಿ ದರದ ಜೊತೆ ಒಟ್ಟು ಕಟ್ಟುವ ಮೊತ್ತವನ್ನೂ ನೋಡಬೇಕು.

ಬೇಗ ತೀರಿಸಿದರೆ?

ಬೇಗ ತೀರಿಸಿದರೆ ಬಡ್ಡಿ ಉಳಿಯುತ್ತದೆ, ಸರಿ. ಆದರೆ ವಾರ್ಷಿಕ ದರ ಏರುತ್ತದೆ. ಮೊದಲ ದಿನ ಹೋದ 16,000 ಮೂರು ವರ್ಷಕ್ಕೆ ಹಂಚಿಕೊಳ್ಳುವ ಬದಲು ಕಡಿಮೆ ತಿಂಗಳುಗಳ ಮೇಲೆ ಬೀಳುತ್ತದಲ್ಲ, ಅದಕ್ಕೆ. ಇವನ ವಿಷಯದಲ್ಲಿ ಇದು ಸುಮ್ನೆ ಊಹೆಯಲ್ಲ. ಬಾಡಿಗೆ ಅಗ್ರಿಮೆಂಟ್ ಹನ್ನೊಂದು ತಿಂಗಳದ್ದು. ಓನರ್ ಮನೆ ಬಿಡಿ ಎಂದರೆ ಅಡ್ವಾನ್ಸ್ ವಾಪಸ್ ಬರುತ್ತದೆ, ಅದರಲ್ಲೇ ಸಾಲ ತೀರಿಸುವುದು ಇವನ ಯೋಚನೆ.

ಹನ್ನೆರಡು ಕಂತು ಕಟ್ಟಿದ ಮೇಲೆ ಬಾಕಿ ಉಳಿಯುವುದು 2,13,553. ಆಗ ಸೂತ್ರ ಹೀಗೆ:

```
=RATE(12,-10253,284000,-213553)*12
```

ಉತ್ತರ ಸುಮಾರು ಶೇ 20.8. ಇದಕ್ಕೆ ಫೋರ್‌ಕ್ಲೋಷರ್ ಚಾರ್ಜ್ ಸೇರಿಸಿಲ್ಲ. ಅದು ಇದ್ದರೆ ಕೊನೆಯ ಅಂಕಿಯಾದ 213553ಕ್ಕೆ ಕೂಡಿಸಿ, ಮೈನಸ್ ಗುರುತು ಹಾಗೇ ಇರಲಿ. ದರ ಇನ್ನೂ ಮೇಲೆ ಹೋಗುತ್ತದೆ. ಸಾಲ ಮುಗಿದ ಮೇಲೆ ಇನ್ಶೂರೆನ್ಸ್‌ನಲ್ಲಿ ಉಳಿದ ಅವಧಿಯ ದುಡ್ಡು ವಾಪಸ್ ಕೊಡುತ್ತಾರಾ ಎಂದು ಪಾಲಿಸಿ ಸರ್ಟಿಫಿಕೇಟ್‌ನಲ್ಲಿ ನೋಡಿ. ಕೊಡುವುದಾದರೆ ಅದನ್ನು ಕೊನೆಯ ಅಂಕಿಯಿಂದ ಕಳೆಯಿರಿ. 3,000 ವಾಪಸ್ ಬಂದರೂ 20.8 ಇದ್ದದ್ದು 19.7ಕ್ಕೆ ಇಳಿಯುತ್ತದೆ.

ಅಷ್ಟು ಹೊತ್ತಿಗೆ ಕಾಫಿ ತಣ್ಣಗಾಗಿತ್ತು. ಅದೇ ಸರ್ಟಿಫಿಕೇಟ್‌ನಲ್ಲಿ 'ಫ್ರೀ ಲುಕ್' ಎಂಬ ಸಾಲನ್ನು ಹುಡುಗನೇ ಹುಡುಕಿದ. ಪಾಲಿಸಿ ಬೇಡವೆಂದರೆ ಇಷ್ಟು ದಿನದೊಳಗೆ ವಾಪಸ್ ಮಾಡಬಹುದು ಎಂದು ಅದರಲ್ಲಿತ್ತು. ಅವಧಿ ಇನ್ನೂ ಮುಗಿದಿರಲಿಲ್ಲ. ಬ್ಯಾಂಕಿಗೆ ಒಂದು, ಇನ್ಶೂರೆನ್ಸ್ ಕಂಪನಿಗೆ ಒಂದು ಇಮೇಲ್ ಅಲ್ಲೇ ಕೂತು ಬರೆದ. ಬ್ಯಾಂಕಿನದಕ್ಕೆ ನಮ್ಮ ಶೀಟಿನ ಸ್ಕ್ರೀನ್‌ಶಾಟ್ ಕೂಡ ಅಂಟಿಸಿದ, 15.7 ಮತ್ತು 17.9 ಎರಡೂ ಕಾಣುವ ಹಾಗೆ.